ಬೋರ್ಡು ಅವರದು, ಕೆಲಸ ನಮ್ಮದು

ಹಾಸನದ ಸಾಲಗಾಮೆ ರಸ್ತೆಯಲ್ಲಿ ಔಷಧಿ ಅಂಗಡಿಯೊಂದರ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಒಂದು ರೂಮು, ಎರಡು ಮೇಜು, ಒಂದು ಯುಪಿಎಸ್, ನಾನು ಮತ್ತು ನನ್ನ ಜೊತೆ ಒಬ್ಬ ಹುಡುಗ. ವೆಬ್‌ಸೈಟ್ ಕಟ್ಟುವುದು ನಮ್ಮ ಕಸುಬು. ಕೆಳಗೆ ಮೆಟ್ಟಿಲ ಹತ್ತಿರ ಒಂದು ಬೋರ್ಡೂ ಇದೆ. ಆದರೆ ಕಳೆದ ಎರಡು ವರ್ಷದಲ್ಲಿ ನಾವು ಕಟ್ಟಿದ ಸೈಟುಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಆ ಹೆಸರು ಎಲ್ಲೂ ಕಾಣುವುದಿಲ್ಲ. ಕಾಣಬಾರದು ಅಂತಲೇ ಒಪ್ಪಂದ.

ಇದಕ್ಕೆ ವೈಟ್ ಲೇಬಲ್ ಕೆಲಸ ಅನ್ನುತ್ತಾರೆ. ಬೆಂಗಳೂರಿನ ಏಜೆನ್ಸಿ ಗಿರಾಕಿಯನ್ನು ಹಿಡಿಯುತ್ತದೆ, ಡಿಸೈನ್ ಒಪ್ಪಿಸುತ್ತದೆ, ಬಿಲ್ ಮಾಡುತ್ತದೆ. ಸೈಟ್ ಕಟ್ಟುವವರು ನಾವು, ಹೆಸರು ಅವರದು. ಸಕಲೇಶಪುರದ ತೋಟದ ಕಾಫಿ ಬೀಜ ಎಲ್ಲೋ ಹುರಿದು, ಇನ್ನೆಲ್ಲೋ ಪುಡಿಯಾಗಿ, ಯಾರದೋ ಹೆಸರಿನ ಪೊಟ್ಟಣದಲ್ಲಿ ಕೂತು ವಾಪಸ್ ಹಾಸನದ ಅಂಗಡಿಗೇ ಬರುವುದಿಲ್ಲವೇ, ಹಾಗೆ.

ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ, ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ಬಂದವನು ನಾನು. ಮೊದಲ ವರ್ಷ ಊರಿನ ಕೆಲಸವನ್ನೇ ನಂಬಿದ್ದೆ: ಒಂದು ಬೇಕರಿ, ಒಂದು ಟೈಲ್ಸ್ ಅಂಗಡಿ, ಒಂದು ದಂತ ಚಿಕಿತ್ಸಾಲಯ. ಎಲ್ಲರೂ ಒಳ್ಳೆಯವರೇ. "ಮಾಡ್ಕೊಡಪ್ಪ, ದುಡ್ಡು ಎಲ್ಲಿ ಹೋಗುತ್ತೆ" ಅನ್ನುವವರು. ದುಡ್ಡು ಎಲ್ಲೂ ಹೋಗಲಿಲ್ಲ, ಅವರ ಹತ್ತಿರವೇ ಇತ್ತು. ಹನ್ನೆರಡು ಸಾವಿರದ ಕೆಲಸಕ್ಕೆ ಐದು ಸಲ ಅಲೆದ ಮೇಲೆ, ಗಿರಾಕಿಯನ್ನು ಹುಡುಕುವ ಮತ್ತು ದುಡ್ಡು ವಸೂಲಿ ಮಾಡುವ ಕೆಲಸ ನನಗೆ ಬರುವುದಿಲ್ಲ ಅಂತ ಒಪ್ಪಿಕೊಂಡೆ. ಅದು ಬರುವವರ ಹಿಂದೆ ನಿಂತು ಕೆಲಸ ಮಾಡೋಣ ಅನ್ನಿಸಿದ್ದು ಆಗ.

ಮೊದಲ ಪ್ರಯತ್ನ ಪೂರ್ತಿ ದಂಡ. ಬೆಂಗಳೂರಿನ ನಲವತ್ತು ಏಜೆನ್ಸಿಗಳ ಮೇಲ್ ವಿಳಾಸ ಹುಡುಕಿ ಎಲ್ಲರಿಗೂ ಒಂದೇ ಮೇಲ್ ಕಳಿಸಿದೆ. ವೆಬ್‌ಸೈಟ್, ಆ್ಯಪ್, ಲೋಗೋ, ಎಸ್‌ಇಒ, ಸೋಷಿಯಲ್ ಮೀಡಿಯಾ, ಎಲ್ಲವನ್ನೂ ಕಡಿಮೆ ದರದಲ್ಲಿ ಮಾಡಿಕೊಡುತ್ತೇವೆ ಅಂತ. ಈಗ ಓದಿದರೆ ಮದುವೆ ಕಾಂಟ್ರಾಕ್ಟರ್ ಕರಪತ್ರದ ಹಾಗಿದೆ. ಏಜೆನ್ಸಿಯವರಿಗೆ ಇಂಥ ಮೇಲ್ ದಿನಕ್ಕೆ ಹತ್ತು ಬರುತ್ತವೆ. ಅದರಲ್ಲಿ ಅರ್ಧ ಕೆಲಸವನ್ನು ಅವರೇ ಮಾಡುತ್ತಾರೆ, ಹಾಗಾಗಿ ಓದುವವರಿಗೆ ನಾನು ಪ್ರತಿಸ್ಪರ್ಧಿ. ಇನ್ನರ್ಧ ಅವರಿಗೆ ಬೇಕೇ ಇಲ್ಲ.

ಬಂದಿದ್ದು ಎರಡು ಉತ್ತರ. ಒಬ್ಬರು ಮಾಡಿರುವ ಕೆಲಸ ತೋರಿಸಿ ಅಂದು ಸುಮ್ಮನಾದರು. ಇನ್ನೊಬ್ಬರು ಕೆಲಸವನ್ನೇ ಕೊಟ್ಟರು, ಅದು ಇನ್ನೂ ದುಬಾರಿಯಾಯಿತು. ಹದಿನಾಲ್ಕು ಪುಟದ ಸೈಟು, ಪುಟಕ್ಕೆ ಎರಡು ಸಾವಿರದಂತೆ 28,000. ಪುಟದ ಲೆಕ್ಕ ಕೇಳಲು ಸಲೀಸಾಗಿತ್ತು, ಒಪ್ಪಿಕೊಂಡೆ. ಆದರೆ ಸೈಟಿನಲ್ಲಿ ಪುಟ ಅನ್ನುವುದಕ್ಕೆ ಅಳತೆಯಿಲ್ಲ. "ನಮ್ಮ ಬಗ್ಗೆ" ಅನ್ನುವುದೂ ಒಂದು ಪುಟ, ಮುನ್ನೂರು ವಸ್ತುಗಳನ್ನು ಬೆಲೆ, ಗಾತ್ರ, ಬಣ್ಣದ ಪ್ರಕಾರ ಸೋಸಿ ತೋರಿಸುವುದೂ ಒಂದೇ ಪುಟ. ಕೊನೆಗೆ ಲೆಕ್ಕ ಹಾಕಿದರೆ ಇಬ್ಬರೂ ಸೇರಿ 130 ಗಂಟೆ ಕೂತಿದ್ದೆವು. ಗಂಟೆಗೆ 215 ರೂಪಾಯಿ. ಅದರಲ್ಲೂ ಅರ್ಧವನ್ನು ಸೈಟ್ ಲೈವ್ ಆದ ಮೇಲೆ ಕೊಡುವ ಮಾತಾಗಿತ್ತು. ಗಿರಾಕಿ ಫೋಟೊ ಕೊಡಲಿಲ್ಲ, ಬರಹ ಕೊಡಲಿಲ್ಲ, ಮೂರು ತಿಂಗಳು ಸೈಟ್ ಲೈವ್ ಆಗಲಿಲ್ಲ. ನಮ್ಮ ಕೆಲಸ ಮೊದಲ ತಿಂಗಳಲ್ಲೇ ಮುಗಿದಿತ್ತು. ಕೇಳಿದಾಗಲೆಲ್ಲ ಏಜೆನ್ಸಿಯವರದು ಒಂದೇ ಮಾತು, "ನಮಗೇ ಬಂದಿಲ್ಲ ಬ್ರೋ, ನಿಮಗೆ ಎಲ್ಲಿಂದ ಕೊಡೋದು?"

ಆ ಮಾತಿನ ಒಳಗೇ ಎಡವಟ್ಟು ಇತ್ತು, ಅದು ಗೊತ್ತಾಗಲು ನನಗೆ ಸಮಯ ಹಿಡಿಯಿತು. ಗಿರಾಕಿಯನ್ನು ಆರಿಸಿದ್ದು ಅವರು, ಮುಂಗಡ ಎಷ್ಟು ಅಂತ ತೀರ್ಮಾನಿಸಿದ್ದು ಅವರು, ಲಾಭವೂ ಅವರದು. ದುಡ್ಡು ಬರದೆ ಹೋಗುವ ಅಪಾಯ ಮಾತ್ರ ನನಗೆ. ಗಿರಾಕಿಯ ಹತ್ತಿರ ನಾನು ಫೋನ್ ಮಾಡಿ ಕೇಳುವ ಹಾಗೂ ಇಲ್ಲ, ಯಾಕೆಂದರೆ ಆ ಗಿರಾಕಿಯ ಮಟ್ಟಿಗೆ ನಾನು ಇಲ್ಲವೇ ಇಲ್ಲ.

ಅದಾದ ಮೇಲೆ ಒಂದು ಭಾನುವಾರ ಕೂತು ನಮ್ಮ ಗಂಟೆಯ ಬೆಲೆ ಎಷ್ಟು ಅಂತ ನೋಡಿದೆ. ಹುಡುಗನ ಸಂಬಳ 18,000. ಬಾಡಿಗೆ 6,000. ಇಂಟರ್ನೆಟ್, ಕರೆಂಟು, ಬ್ಯಾಟರಿ ಸೇರಿ 3,000. ಸಾಫ್ಟ್‌ವೇರ್ ಮತ್ತು ಸರ್ವರ್ 5,000. ಮನೆಗೆ ನನಗೆ ಬೇಕಾದದ್ದು 45,000. ಒಟ್ಟು 77,000. ಇಬ್ಬರ ದುಡಿಮೆ ಕಾಗದದ ಮೇಲೆ ತಿಂಗಳಿಗೆ 320 ಗಂಟೆ. ಆದರೆ ಕೊಟೇಶನ್ ಬರೆಯುವುದು, ಫೋನು, ಹಳೆಯ ಸೈಟಿನ ರಿಪೇರಿ, ಹುಡುಗನಿಗೆ ಹೇಳಿಕೊಡುವುದು ಎಲ್ಲ ಕಳೆದರೆ ಬಿಲ್ ಮಾಡಬಹುದಾದದ್ದು 180 ಗಂಟೆ. ಅಲ್ಲಿಗೆ ಗಂಟೆಗೆ ಸುಮಾರು 428 ರೂಪಾಯಿ ಬಂದರೆ ಕೈ ಕಚ್ಚುವುದಿಲ್ಲ ಅಷ್ಟೆ. ಕೆಲಸವಿಲ್ಲದ ತಿಂಗಳು ಬರುತ್ತದೆ, ಲ್ಯಾಪ್‌ಟಾಪ್ ಹಾಳಾಗುತ್ತದೆ, ತೆರಿಗೆ ಇದೆ. ಅದಕ್ಕೆಲ್ಲ ಶೇಕಡಾ 30 ಸೇರಿಸಿದರೆ 556. ನಾನು 600 ಅಂತ ನಿಗದಿ ಮಾಡಿದೆ. 215ಕ್ಕೆ ಮಾಡಿದ ಕೆಲಸದಲ್ಲಿ ಗಂಟೆಗೆ ಅಷ್ಟೇ ರೂಪಾಯಿ ನಾನೇ ಕೈಯಿಂದ ಹಾಕಿದ್ದೆ ಅಂತ ಗೊತ್ತಾಗಿ ಆ ಭಾನುವಾರ ಊಟ ಸೇರಲಿಲ್ಲ.

ಈ 600 ಅನ್ನುವುದನ್ನು ನಾನು ಯಾವ ಏಜೆನ್ಸಿಗೂ ಹೇಳುವುದಿಲ್ಲ. ಗಂಟೆಯ ದರ ಹೇಳಿದರೆ ಮಾತು ಗಂಟೆಯ ಮೇಲೆ ಹೋಗುತ್ತದೆ, "ಇದಕ್ಕೆ ಹತ್ತು ಗಂಟೆ ಯಾಕೆ" ಅಂತ. ಅದಕ್ಕಿಂತ ಮುಖ್ಯವಾಗಿ, ಏಜೆನ್ಸಿ ತನ್ನ ಗಿರಾಕಿಗೆ ಒಂದು ಗಟ್ಟಿ ಮೊತ್ತ ಹೇಳಬೇಕು. ನಾನು ಗಂಟೆ ಲೆಕ್ಕ ಕೊಟ್ಟರೆ ಅವರ ಲಾಭ ಎಷ್ಟು ಅಂತ ಕೆಲಸ ಮುಗಿಯುವವರೆಗೆ ಅವರಿಗೇ ಗೊತ್ತಿರುವುದಿಲ್ಲ. ಗಂಟೆ ನನ್ನ ಪುಸ್ತಕದಲ್ಲಿ, ಮೊತ್ತ ಅವರ ಕೊಟೇಶನ್‌ನಲ್ಲಿ.

ಎರಡನೇ ಸಲ ಮೇಲ್ ಕಳಿಸುವಾಗ ನಲವತ್ತು ಜನರನ್ನು ಬಿಟ್ಟು ಒಂಬತ್ತು ಏಜೆನ್ಸಿಗಳನ್ನು ಆರಿಸಿಕೊಂಡೆ. ಆರಿಸಿದ ಬಗೆ ಹೇಳುತ್ತೇನೆ. ಅವರ ಸೈಟಿನಲ್ಲಿ ತಂಡದ ಪುಟ ಇದ್ದರೆ ಅದರಲ್ಲಿ ಡಿಸೈನರುಗಳು, ಬರಹಗಾರರು ಇರಬೇಕು, ಡೆವಲಪರ್ ಇರಬಾರದು ಅಥವಾ ಒಬ್ಬನೇ ಇರಬೇಕು. ಆದರೂ ಅವರು ವೆಬ್‌ಸೈಟ್ ಮಾರುತ್ತಿರಬೇಕು. ವರ್ಡ್‌ಪ್ರೆಸ್ ಡೆವಲಪರ್ ಬೇಕು ಅಂತ ಹಾಕಿದ ಜಾಹೀರಾತು ತಿಂಗಳಾದರೂ ಹಾಗೇ ಇದ್ದರೆ ಇನ್ನೂ ಒಳ್ಳೆಯದು. ಅಂದರೆ ಕೆಲಸ ಬಂದಿದೆ, ಕೈ ಸಾಲುತ್ತಿಲ್ಲ.

ಮೇಲ್ ಆರು ಸಾಲು. ನಿಮ್ಮ ಡಿಸೈನ್ ಫೈಲಿನಿಂದ ವರ್ಡ್‌ಪ್ರೆಸ್ ಸೈಟ್ ಕಟ್ಟುವುದು ಒಂದೇ ನಮ್ಮ ಕೆಲಸ, ಡಿಸೈನ್ ಮಾಡುವುದಿಲ್ಲ, ನಿಮ್ಮ ಗಿರಾಕಿಯ ಜೊತೆ ಮಾತಾಡುವುದಿಲ್ಲ ಅಂತ ಮೊದಲ ಎರಡು ಸಾಲು. ಅವರದೇ ಒಂದು ಸೈಟಿನಲ್ಲಿ ಮೊಬೈಲಿನಲ್ಲಿ ಮುರಿದು ಕಾಣುವ ಒಂದು ಜಾಗದ ಸ್ಕ್ರೀನ್‌ಶಾಟ್, ಅದನ್ನು ಸರಿ ಮಾಡುವುದು ಹೇಗೆ ಅನ್ನುವ ಒಂದು ಸಾಲು. ಆಮೇಲೆ ಪ್ರಸ್ತಾಪ: ಎಂಟು ಗಂಟೆಯೊಳಗಿನ ಯಾವುದಾದರೂ ಸಣ್ಣ ಕೆಲಸ ಕೊಡಿ, 5,000 ರೂಪಾಯಿ, ಗುರುವಾರ ಸಂಜೆಯೊಳಗೆ ಮುಗಿಯದಿದ್ದರೆ ದುಡ್ಡು ಬೇಡ. ಬಿಟ್ಟಿಯಾಗಿ ಮಾಡಿಕೊಡುತ್ತೇನೆ ಅಂತ ಬರೆಯಲಿಲ್ಲ. ಬಿಟ್ಟಿ ಅಂದರೆ ಅವರೂ ಬೇಡದ ಕೆಲಸವನ್ನೇ ಕೊಡುತ್ತಾರೆ, ಮಾಡಿದ್ದನ್ನು ನೋಡುವುದೂ ಇಲ್ಲ.

ಮಾಡಿರುವ ಕೆಲಸ ತೋರಿಸಿ ಅನ್ನುವ ಪ್ರಶ್ನೆಗೂ ಈ ಸಲ ಸಿದ್ಧನಿದ್ದೆ. ವೈಟ್ ಲೇಬಲ್‌ನಲ್ಲಿ ಮಾಡಿದ ಕೆಲಸ ತೋರಿಸುವ ಹಾಗಿಲ್ಲ, ತೋರಿಸಿದರೆ ನಾಳೆ ಇವರದನ್ನೂ ಇನ್ನೊಬ್ಬರಿಗೆ ತೋರಿಸುತ್ತೇನೆ ಅಂತ ತಾನೇ ಅರ್ಥ? ಅದಕ್ಕೆ ಇಲ್ಲದ ಒಂದು ಹೋಟೆಲಿಗೆ ಮಾದರಿ ಸೈಟ್ ಕಟ್ಟಿಟ್ಟಿದ್ದೆ, ಅದರ ಮೂಲ ಡಿಸೈನ್ ಫೈಲ್ ಸಮೇತ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅಕ್ಷರದ ಗಾತ್ರ, ಅಂತರ ಎಲ್ಲ ಹಾಗೇ ಬಂದಿದೆಯಾ ಅಂತ ಡಿಸೈನರಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಏಜೆನ್ಸಿಗೆ ಬೇಕಾದ ಸಾಕ್ಷಿ ಅದೇ.

ಒಂಬತ್ತರಲ್ಲಿ ಮೂವರು ಉತ್ತರಿಸಿದರು. ಜಯನಗರದ ಒಂದು ಬ್ರ್ಯಾಂಡಿಂಗ್ ಏಜೆನ್ಸಿ ನಡೆಸುವ ಮೇಡಂ ಫೋನ್ ಮಾಡಿದರು. ಮೊದಲ ಪ್ರಶ್ನೆ, "ಆಫೀಸ್ ಎಲ್ಲಿ?" ಹಾಸನ ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಅಲ್ಲಿ ಕರೆಂಟ್ ಇರತ್ತಾ?" ಅಂದರು. ನಗು ಬಂತು, ಆದರೆ ಕೇಳಿದ್ದು ನ್ಯಾಯವೇ. ಮಳೆಗಾಲದಲ್ಲಿ ಹೋಗುತ್ತೆ ಮೇಡಂ, ಯುಪಿಎಸ್ ನಾಲ್ಕು ಗಂಟೆ ಬರುತ್ತೆ, ಎರಡು ಕಂಪನಿಯ ಇಂಟರ್ನೆಟ್ ಇದೆ ಅಂದೆ. ಆಮೇಲೆ ಗುರುವಾರದ ಕೆಲಸ ಕೊಟ್ಟರು. ಬುಧವಾರ ರಾತ್ರಿ ಮುಗಿಸಿ ಕಳಿಸಿದೆ. ಹದಿನೈದು ದಿನ ಬಿಟ್ಟು, ಸಕಲೇಶಪುರದ ಹತ್ತಿರದ ಕಾಫಿ ತೋಟದ ಒಂದು ರೆಸಾರ್ಟಿನ ಡಿಸೈನ್ ಫೈಲ್ ಬಂತು. ನಮ್ಮ ಜಿಲ್ಲೆಯದೇ ರೆಸಾರ್ಟ್, ಬೆಂಗಳೂರಿಗೆ ಹೋಗಿ ನನ್ನ ಹತ್ತಿರ ವಾಪಸ್ ಬಂದಿತ್ತು.

ಆ ಕೊಟೇಶನ್ ಹಾಕಿದ್ದು ಹೀಗೆ. ಪುಟ ಎಣಿಸಲಿಲ್ಲ, ಬೇರೆ ಬೇರೆ ರೀತಿಯ ವಿನ್ಯಾಸ ಎಷ್ಟು ಅಂತ ಎಣಿಸಿದೆ. ಮುಖಪುಟ, ರೂಮುಗಳ ಪಟ್ಟಿ, ಒಂದೊಂದು ರೂಮಿನ ವಿವರ, ಚಟುವಟಿಕೆ, ಗ್ಯಾಲರಿ, ಸಂಪರ್ಕ, ಒಟ್ಟು ಆರು. ರೂಮು ಎಂಟಿದ್ದರೂ ರೂಮಿನ ವಿನ್ಯಾಸ ಒಂದೇ. ಮುಖಪುಟಕ್ಕೆ 16 ಗಂಟೆ, ಉಳಿದ ಐದಕ್ಕೆ ತಲಾ 8, ಆರಂಭದ ಸಿದ್ಧತೆಗೆ 8, ವಿಚಾರಣೆಯ ಫಾರಂಗೆ 6, ಮೊಬೈಲುಗಳಲ್ಲಿ ಪರೀಕ್ಷೆ ಮತ್ತು ತಿದ್ದುಪಡಿಗೆ 20, ಲೈವ್ ಮಾಡಲು 6. ಏಜೆನ್ಸಿಯ ಜೊತೆಗಿನ ಮಾತುಕತೆಗೆ 12. ಈ ಕೊನೆಯದನ್ನು ಹೊಸಬರು ಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಒಟ್ಟು 108 ಗಂಟೆ, 64,800. ಅಂದಾಜು ತಪ್ಪಿದರೆ ಇರಲಿ ಅಂತ ಶೇಕಡಾ 15 ಸೇರಿಸಿ 75,000 ಅಂದೆ. ಜೊತೆಗೆ ಎರಡು ಸುತ್ತಿನ ತಿದ್ದುಪಡಿ ಇದರಲ್ಲೇ ಸೇರಿದೆ, ಡಿಸೈನ್ ಫೈಲಿನಲ್ಲಿ ಇಲ್ಲದ್ದು ಬಂದರೆ ಬೇರೆ ಬಿಲ್ ಅಂತ ಬರೆದೆ. ಕೊನೆಗೆ ಆಗಿದ್ದು 117 ಗಂಟೆ. ಶೇಕಡಾ 15 ಇದ್ದದ್ದಕ್ಕೆ ಬದುಕಿದೆ.

ಮೇಡಂ ಚೌಕಾಸಿ ಮಾಡಲಿಲ್ಲ. ಯಾಕೆ ಅಂತ ಆಮೇಲೆ ಅವರೇ ಹೇಳಿದರು. ಗಿರಾಕಿಗೆ ಅವರು ಹೇಳಿದ್ದು 1,80,000. ಕೇಳಿದಾಗ ನನಗೆ ಒಳಗೆ ಚುರ್ ಅಂದಿತು. ಅದು ಮುಖದಲ್ಲಿ ಕಂಡಿರಬೇಕು, ಒಂದು ಕಾಗದ ತೆಗೆದು ಬರೆದು ತೋರಿಸಿದರು. ನಮಗೆ 75,000. ಡಿಸೈನರಿಗೆ 30,000. ಫೋಟೊ ತೆಗೆಯಲು ಮತ್ತು ಓಡಾಟಕ್ಕೆ 18,000. ಅವರ ಆಫೀಸಿನ ಹುಡುಗಿ ಗಿರಾಕಿಯ ಜೊತೆ ಎರಡು ತಿಂಗಳು ಹೆಣಗಿದ್ದಕ್ಕೆ 25,000. ಉಳಿಯುವುದು 32,000. ಗಿರಾಕಿ ಕೊನೆಯ ಕಂತು ಕೊಡದಿದ್ದರೆ ಅದೂ ಇಲ್ಲ. "ನೀವು ಒಂದು ಲಕ್ಷ ಕೇಳಿದ್ರೆ ನಾನು ಈ ಕೆಲಸಾನೇ ಬಿಡ್ತಿದ್ದೆ. ಐವತ್ತು ಕೇಳಿದ್ರೆ ನೀವು ಮಧ್ಯದಲ್ಲಿ ಬಿಟ್ಟು ಓಡಿಹೋಗ್ತೀರ ಅಂತ ಹೆದರ್ತಿದ್ದೆ" ಅಂದರು. ಅಂದಿನಿಂದ ದರ ಹಾಕುವಾಗ ನನ್ನ ಗಂಟೆಯ ಜೊತೆ ಇದನ್ನೂ ನೋಡುತ್ತೇನೆ: ಏಜೆನ್ಸಿ ಮಾರುವ ಬೆಲೆಯ ಅರ್ಧಕ್ಕಿಂತ ಕೆಳಗೆ ನನ್ನ ಮೊತ್ತ ಕೂರುತ್ತದೆಯಾ ಅಂತ. ಕೂರದಿದ್ದರೆ ಆ ಏಜೆನ್ಸಿ ನನಗೆ ಸಣ್ಣದು, ಅಥವಾ ನಾನು ಅವರಿಗೆ ದುಬಾರಿ. ಕಡಿಮೆ ಮಾಡಿ ಒಪ್ಪಿಕೊಳ್ಳುವುದರಲ್ಲಿ ಇಬ್ಬರಿಗೂ ಸುಖವಿಲ್ಲ.

ಕೆಲಸ ಚೆನ್ನಾಗಿಯೇ ನಡೆಯಿತು. ಎಡವಿದ್ದು ಕೊನೆಯ ವಾರದಲ್ಲಿ.

ಸೈಟ್ ಪರೀಕ್ಷೆಗೆ ಹಾಕಿದ್ದೆವು. ರೆಸಾರ್ಟ್ ಮಾಲೀಕರು ತಾವೇ ವಿಚಾರಣೆಯ ಫಾರಂ ತುಂಬಿ ಕಳಿಸಿದ್ದಾರೆ. ಅವರಿಗೆ ತಕ್ಷಣ "ಧನ್ಯವಾದ, ಬೇಗ ಸಂಪರ್ಕಿಸುತ್ತೇವೆ" ಅಂತ ಮೇಲ್ ಹೋಗಿದೆ. ಕಳಿಸಿದವರ ಹೆಸರಿನ ಜಾಗದಲ್ಲಿ ನಮ್ಮ ಸ್ಟುಡಿಯೋ ಹೆಸರು! ಹುಡುಗ ಪರೀಕ್ಷೆ ಮಾಡುವಾಗ ಹಾಕಿದ್ದನ್ನು ಬದಲಿಸಿರಲಿಲ್ಲ, ನಾನು ನೋಡಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಮೇಡಂ ಫೋನು. ಬೈಯಲಿಲ್ಲ. "ಇದು ಯಾರು ಅಂತ ಕೇಳ್ತಿದ್ದಾರೆ. ನಾನು ಏನು ಹೇಳಲಿ?" ಅಂದರು ಅಷ್ಟೆ. ಬೈದಿದ್ದರೆ ವಾಸಿ ಇತ್ತು.

ಅವತ್ತು ನಾವಿಬ್ಬರೂ ಒಂದು ಮಾತಿಗೆ ಬಂದೆವು. ಗಿರಾಕಿ ನೇರವಾಗಿ ಕೇಳಿದರೆ ಸುಳ್ಳು ಹೇಳುವುದು ಬೇಡ. ನಮ್ಮ ಆಫೀಸಿನ ನೌಕರ ಅಂತ ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. "ಸೈಟ್ ಕಟ್ಟಲು ನಮ್ಮ ಜೊತೆ ಕೆಲಸ ಮಾಡುವ ತಂಡ ಇದೆ, ಜವಾಬ್ದಾರಿ ಪೂರ್ತಿ ನಮ್ಮದು" ಅನ್ನುವುದು ಉತ್ತರ. ಹೆಸರು ಹೇಳದಿರುವುದು ಒಪ್ಪಂದ, ಇಲ್ಲದ್ದನ್ನು ಹೇಳುವುದು ಬೇರೆ ವಿಷಯ. ಮಾಲೀಕರು ಅಷ್ಟಕ್ಕೆ ಸುಮ್ಮನಾದರು, ಅವರಿಗೆ ಬೇಕಾಗಿದ್ದುದು ಬುಕಿಂಗ್.

ಆದರೆ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗಿ ಇನ್ನೆಲ್ಲೆಲ್ಲಿ ನಮ್ಮ ಹೆಸರು ಇದೆ ಅಂತ ಹುಡುಕಲು ಕೂತೆ. ಥೀಮಿನ `style.css` ಫೈಲಿನ ತಲೆಯಲ್ಲಿ `Author` ಅನ್ನುವ ಸಾಲಿನಲ್ಲಿತ್ತು. ಆ ಫೈಲನ್ನು ಯಾರು ಬೇಕಾದರೂ ಬ್ರೌಸರಿನಲ್ಲೇ ತೆರೆದು ಓದಬಹುದು. ಅಡ್ಮಿನ್ ಮೇಲ್ ವಿಳಾಸ ನನ್ನದಾಗಿತ್ತು. ಮೂರು ಫೋಟೊಗಳ ಲಿಂಕ್ ಇನ್ನೂ ನಮ್ಮ ಪರೀಕ್ಷಾ ಸರ್ವರಿನದಾಗಿತ್ತು. ಈಗ ಯಾವ ಸೈಟನ್ನೂ ಒಪ್ಪಿಸುವ ಮುಂಚೆ ಸೈಟಿನ ಫೋಲ್ಡರಿನಲ್ಲಿ ಇಷ್ಟನ್ನು ಓಡಿಸದೆ ಬಿಡುವುದಿಲ್ಲ, `wp` ಓಡಲು ಸರ್ವರಿನಲ್ಲಿ WP-CLI ಇರಬೇಕು (`ourstudio` ಇರುವ ಕಡೆ ನಿಮ್ಮ ಹೆಸರು):

```
grep -rni "ourstudio" wp-content/
wp db search "ourstudio" --all-tables
wp option get admin_email
wp user list --fields=user_login,user_email,display_name
```

ಮೊದಲನೆಯದು ಫೈಲುಗಳಲ್ಲಿ ಹುಡುಕುತ್ತದೆ, ಎರಡನೆಯದು ಡೇಟಾಬೇಸಿನಲ್ಲಿ. ಎರಡೂ ಬೇಕು, ಫಾರಂನ ಹೆಸರು ಕೂತಿದ್ದು ಡೇಟಾಬೇಸಿನಲ್ಲಿ. ಇದು ಹಿಡಿಯದ ಜಾಗಗಳೂ ಇವೆ. ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಪಕ್ಕದಲ್ಲಿ ಮಾಡಿದವರ ಹೆಸರು, ಮೇಲ್ ಇರುತ್ತದೆ, ಹಾಗಾಗಿ ಗಿರಾಕಿಗೆ ಕೋಡ್ ಕೊಡುವಾಗ ಆ ಇತಿಹಾಸ ಇಲ್ಲದ ಪ್ರತಿ ಕೊಡುತ್ತೇವೆ. ವಿಡಿಯೋ ಕರೆಯಲ್ಲಿ ಪರದೆಯ ಮೇಲೆ ಬರುವ ಹೆಸರು, ಹಂಚಿದ ಶೀಟಿನ ಮಾಲೀಕನ ಹೆಸರು, ಇವನ್ನು ಕಣ್ಣಲ್ಲೇ ನೋಡಬೇಕು. ಈಗ ಮೇಡಂ ತಮ್ಮ ಏಜೆನ್ಸಿಯ ಡೊಮೇನಿನಲ್ಲೇ ನಮಗೊಂದು ಮೇಲ್ ವಿಳಾಸ ಮತ್ತು ಪರೀಕ್ಷೆಯ ಸೈಟಿಗೆ ಒಂದು ಉಪವಿಳಾಸ ಕೊಟ್ಟಿದ್ದಾರೆ. ಅರ್ಧ ತಲೆನೋವು ಅಲ್ಲಿಗೇ ಹೋಯಿತು.

ಈ ಘಟನೆಯ ಮುಂದಿನ ವಾರ ಬೆಳಗಿನ ಬಸ್ಸು ಹಿಡಿದು ಜಯನಗರಕ್ಕೆ ಹೋದೆ. ಅಲ್ಲಿಯವರೆಗೆ ನಮ್ಮದು ವಾಟ್ಸ್ಯಾಪ್ ಒಪ್ಪಂದ. ಕೂತು ಎರಡು ಪುಟ ಬರೆದುಕೊಂಡೆವು. ಅದರಲ್ಲಿ ನಾಲ್ಕು ಮಾತಿಗೆ ಮಾತ್ರ ಚರ್ಚೆ ಆಯಿತು.

ದುಡ್ಡಿನದು ಮೊದಲು. ಅರ್ಧ ಮುಂಗಡ, ಕಾಲು ಭಾಗ ಪರೀಕ್ಷೆಗೆ ಹಾಕಿದಾಗ, ಉಳಿದ ಕಾಲು ಭಾಗ ಲೈವ್ ಆದಾಗ ಅಥವಾ ನಾವು ಕೆಲಸ ಒಪ್ಪಿಸಿದ 15 ದಿನಕ್ಕೆ, ಯಾವುದು ಮೊದಲೋ ಅದು. ಗಿರಾಕಿ ಅವರಿಗೆ ಕೊಟ್ಟರೋ ಇಲ್ಲವೋ ಅನ್ನುವುದು ನಮ್ಮ ಬಿಲ್ಲಿಗೆ ಸಂಬಂಧವಿಲ್ಲ. ಮೇಡಂ ಸ್ವಲ್ಪ ಎಳೆದಾಡಿದರು. ಹಾಗಾದರೆ ನೀವೂ ಗಿರಾಕಿಯ ಹತ್ತಿರ ಅರ್ಧ ಮುಂಗಡ ತೆಗೆದುಕೊಳ್ಳಿ, ಅದರಲ್ಲೇ ನನ್ನದು ಮುಗಿಯುತ್ತೆ ಅಂದೆ. ಲೆಕ್ಕ ನೋಡಿದರೆ ನಿಜ, 1,80,000ದ ಅರ್ಧ 90,000, ನನ್ನದು ಪೂರ್ತಿ 75,000. ಒಪ್ಪಿದರು. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ, ನಾನು ಮಾಡಿಸಿಕೊಂಡು ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲಿ ಹಾಕುತ್ತೇನೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ, ಬರೆದ ಒಪ್ಪಂದ ಏನೇ ಇದ್ದರೂ, ಕೆಲಸ ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದಲ್ಲಿ ಏನೂ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾನು ಇದನ್ನು ಹಿಡಿದು ಯಾರ ಮೇಲೂ ಹೋಗಿಲ್ಲ, ಹೋದರೆ ಆ ಏಜೆನ್ಸಿ ಮತ್ತೆ ಸಿಗುವುದಿಲ್ಲ. ಆದರೆ ಬಿಲ್ಲಿನ ಮೇಲೆ ಆ ಸಂಖ್ಯೆ ನೋಡಿದ ಆಡಿಟರ್ ಏಜೆನ್ಸಿಯವರಿಗೆ ತಾವೇ ಜ್ಞಾಪಿಸುತ್ತಾರೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ಕೊಡುವವರೆಗೆ ತಮ್ಮ ಖರ್ಚು ಅಂತ ತೆರಿಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ.

ಎರಡನೆಯದು ಕೋಡಿನ ಹಕ್ಕು. ಏಜೆನ್ಸಿಯ ನೌಕರ ಬರೆದದ್ದಾದರೆ ಅದು ತಾನಾಗಿಯೇ ಏಜೆನ್ಸಿಯದಾಗುತ್ತದೆ. ಹೊರಗಿನವನು ಬರೆದರೆ, ಬರಹದಲ್ಲಿ ವರ್ಗಾಯಿಸುವವರೆಗೆ ಬರೆದವನದೇ. ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಮೇಡಂಗೆ ಇದು ಗೊತ್ತಿರಲಿಲ್ಲ. ಶಾಶ್ವತವಾಗಿ, ಎಲ್ಲ ದೇಶಕ್ಕೂ ಅಂತಲೇ ಬರೆದೆವು, ಆದರೆ "ಪೂರ್ತಿ ಹಣ ಸಂದಾಯವಾದ ದಿನದಿಂದ". ನನಗೆ ಬೇಕಾಗಿದ್ದುದು ಆ ನಾಲ್ಕು ಪದ. ಗಿರಾಕಿಗೆ ಮುಖ ತೋರಿಸಲಾರದವನ ಕೈಯಲ್ಲಿ ಇರುವ ಹಿಡಿತ ಅದೊಂದೇ.

ಮೂರನೆಯದಕ್ಕೆ ಹೊತ್ತು ಹಿಡಿಯಿತು. ಅವರ ಕರಡಿನಲ್ಲಿ, ಎರಡು ವರ್ಷ ಕರ್ನಾಟಕದಲ್ಲಿ ಹೋಟೆಲ್, ರೆಸಾರ್ಟ್ ಸೈಟುಗಳನ್ನು ನಾನು ಬೇರೆ ಯಾರಿಗೂ ಮಾಡಬಾರದು ಅಂತಿತ್ತು. ಕಸುಬನ್ನೇ ತಡೆಯುವ ಇಂಥ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ ಅಂತ ನನ್ನ ಪರಿಚಯದ ವಕೀಲರು ಹೇಳಿದ್ದರು. ಆದರೆ ಮೇಡಂ ಭಯ ನಿಜವಾದದ್ದು, ಅದಕ್ಕೆ ಕಾನೂನು ತೋರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ ಅನ್ನಿಸಿತು. ಬದಲಿಗೆ ಹೀಗೆ ಬರೆದೆವು: ಅವರ ಮೂಲಕ ನಾನು ಕೆಲಸ ಮಾಡಿದ ಗಿರಾಕಿಗಳ ಹೆಸರಿನ ಪಟ್ಟಿ ಒಂದಿರುತ್ತದೆ, ಆ ಪಟ್ಟಿಯವರ ಹತ್ತಿರ ಕೊನೆಯ ಕೆಲಸದಿಂದ ಒಂದು ವರ್ಷ ನಾನಾಗಿ ಹೋಗುವುದಿಲ್ಲ. ಅವರಾಗಿ ಬಂದರೆ ಎರಡು ದಿನದೊಳಗೆ ಮೇಡಂಗೆ ತಿಳಿಸುತ್ತೇನೆ. ಅವರೂ ನಮ್ಮ ಹುಡುಗನನ್ನು ಅಷ್ಟೇ ಕಾಲ ಕೆಲಸಕ್ಕೆ ಕರೆಯುವುದಿಲ್ಲ. ಇದಕ್ಕೆ ಅವರು ನಕ್ಕರು. ನಾನು ನಗಲಿಲ್ಲ, ಅವನನ್ನು ತಯಾರು ಮಾಡಲು ನನಗೆ ಒಂದು ವರ್ಷ ಹಿಡಿದಿತ್ತು.

ನಾಲ್ಕನೆಯದು ಸಣ್ಣದು, ಆರು ತಿಂಗಳ ನಂತರ ಹೆಸರು ಹೇಳದೆ ಸೈಟಿನ ಪರದೆಯ ಚಿತ್ರವನ್ನು ಇನ್ನೊಂದು ಏಜೆನ್ಸಿಗೆ ತೋರಿಸಬಹುದೇ ಅಂತ. ಬೇಡ ಅಂದರು. ಆಯಿತು ಅಂದೆ.

ಈ ಪಟ್ಟಿಯ ಷರತ್ತು ಇಷ್ಟು ಬೇಗ ಕೆಲಸಕ್ಕೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಹಾಸನಾಂಬೆಯ ಬಾಗಿಲು ಮುಚ್ಚಿ ಊರಿನ ಜಾತ್ರೆ ಗದ್ದಲ ಇಳಿದ ಮೇಲೆ, ಬಿ.ಎಂ. ರಸ್ತೆಯ ಒಂದು ಛತ್ರದಲ್ಲಿ ನಮ್ಮ ಭಾವನ ಕಡೆಯವರ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರನ್ನು ಭಾವ ಪರಿಚಯ ಮಾಡಿಸಿದರು. ಸಕಲೇಶಪುರದ ಕಡೆ ತೋಟ, ಒಂದು ರೆಸಾರ್ಟೂ ಇದೆ. ಹೆಸರು ಕೇಳಿ ನನ್ನ ಕೈಲಿದ್ದ ಒಬ್ಬಟ್ಟು ಎಲೆಗೆ ಬಿತ್ತು.

"ಕಂಪ್ಯೂಟರ್ ಕೆಲಸ ಮಾಡ್ತೀಯಂತಲ್ಲ ಮಾರಾಯ, ಇದು ನೋಡು" ಅಂತ ಎಡಗೈಯಲ್ಲಿ ಮೊಬೈಲ್ ತೆಗೆದರು. ನಮ್ಮ ಸೈಟು. ರೂಮಿನ ಪುಟದಲ್ಲಿ ಬೆರಳು ಎಳೆದಾಗ ಫೋಟೊ ಸರಿಯುವುದು ನಾನು ಎರಡು ರಾತ್ರಿ ಕೂತು ಸರಿ ಮಾಡಿದ್ದು. "ಬೆಂಗಳೂರಿನವರ ಕೈಲಿ ಮಾಡಿಸ್ದೆ. ಒಂದು ಎಂಬತ್ತು ಆಯ್ತು. ಹೆಂಗಿದೆ?"

"ಚೆನ್ನಾಗಿದೆ ಅಣ್ಣ" ಅಂದೆ.

"ಚೆನ್ನಾಗೇನೋ ಇದೆ. ಈಗ ನೋಡ್ಕೊಳಕ್ಕೆ ತಿಂಗಳಿಗೆ ಎಂಟು ಸಾವಿರ ಕೇಳ್ತಾರೆ. ನೀನು ಇಲ್ಲೇ ಇದ್ದೀಯಲ್ಲ, ನಾಲ್ಕು ಕೊಡ್ತೀನಿ, ನೋಡ್ಕೊ."

ಆ ಎಂಟು ಸಾವಿರದ ಕೊಟೇಶನ್‌ನಲ್ಲಿ ನನ್ನ ಪಾಲು 3,500 ಇತ್ತು. ನೇರವಾಗಿ ಒಪ್ಪಿದರೆ ತಿಂಗಳಿಗೆ 500 ಹೆಚ್ಚು, ವರ್ಷಕ್ಕೆ 6,000. ಆ ಹೊತ್ತಿಗೆ ಮೇಡಂ ಕಡೆಯಿಂದ ಒಂಬತ್ತು ತಿಂಗಳಲ್ಲಿ ಬಂದ ಕೆಲಸ ನಾಲ್ಕು ಲಕ್ಷ ದಾಟಿತ್ತು. ಅಷ್ಟೇ ಅಲ್ಲ, 3,500ಕ್ಕೆ ನನಗೆ ಬರುವುದು ತಿಂಗಳಿಗೆ ಒಂದು ಪಟ್ಟಿ, ಅದನ್ನು ಅವರ ಆಫೀಸಿನ ಹುಡುಗಿ ಸೋಸಿ ಕಳಿಸುತ್ತಾಳೆ. ನೇರವಾಗಿ ಹಿಡಿದರೆ ಭಾನುವಾರ ಬೆಳಿಗ್ಗೆ ಆರಕ್ಕೆ "ಮಾರಾಯ, ಆ ಫೋಟೊ ಬದಲಾಯಿಸು" ಅಂತ ಫೋನು, ಬಾಕಿ ಕೇಳಲು ಭಾವನ ಮುಖ ನೋಡಬೇಕು. ಇದನ್ನೆಲ್ಲ ಪಂಕ್ತಿಯಲ್ಲಿ ಕೂತು ಲೆಕ್ಕ ಹಾಕಿದೆ ಅಂದರೆ ಸುಳ್ಳಾಗುತ್ತದೆ. ಅಲ್ಲಿ ಹೊಳೆದಿದ್ದು ಒಂದೇ ಮಾತು, "ಒಬ್ಬರು ನೋಡ್ಕೊಳ್ತಿರೋ ಸೈಟಿಗೆ ನಾನು ಕೈ ಹಾಕಲ್ಲ ಅಣ್ಣ. ಅವರನ್ನೇ ಕೇಳಿ, ಏನೇನು ಮಾಡ್ತಾರೆ ಅಂತ ಬಿಡಿಸಿ ಹೇಳಕ್ಕೆ ಹೇಳಿ." ಅವರು ಭಾವನ ಕಡೆ ತಿರುಗಿ, "ನಿಮ್ಮ ಹುಡುಗ ಬಲು ಗತ್ತು ಕಣಯ್ಯ" ಅಂದರು.

ಛತ್ರದ ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ. ನಡೆದದ್ದನ್ನು ಹಾಗೇ ಹೇಳಿದೆ, ನಾಲ್ಕು ಸಾವಿರ ಅಂದದ್ದನ್ನೂ ಸೇರಿಸಿ. ಆ ಕಡೆಯಿಂದ ಮೊದಲು ಬಂದದ್ದು ಥ್ಯಾಂಕ್ಸ್ ಅಲ್ಲ, "ಅಲ್ಲಿಂದ ರೆಸಾರ್ಟ್ ಎಷ್ಟು ದೂರ?" ಅಂತ. ಸುಮಾರು ಒಂದು ಗಂಟೆ ದಾರಿ ಅಂದೆ. ಅವರ ತಲೆ ಬೇರೆ ಕಡೆ ಓಡುತ್ತಿತ್ತು. ಮಾಲೀಕರ ಅಸಮಾಧಾನ ಎಂಟು ಸಾವಿರದ್ದಲ್ಲ, ದುಡ್ಡು ಕೊಟ್ಟವನಿಗೆ ಎದುರು ಒಂದು ಮುಖ ಕಾಣದಿರುವುದು. ಬೆಂಗಳೂರಿನಿಂದ ಯಾರನ್ನಾದರೂ ಕಳಿಸಿದರೆ ಒಂದು ದಿನ ಹೋಗುತ್ತದೆ, ಖರ್ಚು ಬೇರೆ.

ಕೊನೆಗೆ ಪಟ್ಟಿಯಲ್ಲಿ ಆ ಒಂದು ಹೆಸರಿನ ಪಕ್ಕ ಬೇರೆ ಷರತ್ತು ಬರೆದೆವು. ಈ ಗಿರಾಕಿಗೆ ನನ್ನನ್ನು ಹೆಸರು ಹೇಳಿಯೇ ಪರಿಚಯಿಸುತ್ತಾರೆ, ಏಜೆನ್ಸಿಯ ಜೊತೆ ಕೆಲಸ ಮಾಡುವ ಹಾಸನದ ತಂಡ ಅಂತ. ಬಿಲ್ ಅವರದೇ. ಮೂರು ತಿಂಗಳಿಗೊಮ್ಮೆ ನಾನು ತೋಟಕ್ಕೆ ಹೋಗಿ ಕೂತು ಮಾತಾಡಿ, ಹೊಸ ಫೋಟೊ ತಂದು ಸೈಟಿಗೆ ಹಾಕಬೇಕು, ಪ್ರತಿ ಭೇಟಿಗೆ 2,500. ಆ ಭೇಟಿಯಲ್ಲಿ ಗಿರಾಕಿ ದರದ ಮಾತು ಎತ್ತಿದರೆ ನಾನು ಬಾಯಿ ಬಿಡುವುದಿಲ್ಲ, ಮೇಡಂಗೆ ಫೋನ್ ಹಚ್ಚಿಕೊಡುತ್ತೇನೆ. ಎಂಟು ಸಾವಿರ ಏಳಕ್ಕೆ ಇಳಿಯಿತು, ನನ್ನ 3,500 ಹಾಗೇ ಉಳಿಯಿತು.

ಮೊದಲ ಭೇಟಿಗೆ ಹೋದಾಗ ಜಡಿಮಳೆ ನಿಂತು ತೋಟವೆಲ್ಲ ತೊಟ್ಟಿಕ್ಕುತ್ತಿತ್ತು. ಮಾಲೀಕರು ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ, ಕೈಲಿದ್ದ ಮೊಬೈಲಿನಲ್ಲಿ ಮೇಡಂ ಕಳಿಸಿದ್ದ ಹೆಸರನ್ನು ನೋಡಿ, ಮತ್ತೆ ನನ್ನನ್ನು ನೋಡಿದರು.

"ಅಯ್ಯೋ ಇವನ! ಹಂಗಾದ್ರೆ ಅವತ್ತು ಮದುವೆಮನೇಲಿ ನಿನ್ನ ಕೆಲಸಾನೇ ನೀನು ಚೆನ್ನಾಗಿದೆ ಅಂದ್ಯಾ?"

ಒಳಗಿನಿಂದ ಕಾಫಿ ಬಂತು, ಅವರದೇ ತೋಟದ್ದು. ಲೋಟ ಕೈಗೆ ಕೊಟ್ಟು, ಎಂಟನೇ ರೂಮಿನ ಫೋಟೊ ಯಾಕೆ ಕತ್ತಲೆಯಾಗಿದೆ ಅಂತ ಶುರು ಮಾಡಿದರು.